ತೇಲುವ ಮೊಟ್ಟೆ ಹೇಳುವುದೇನು?

ಬೇಯಿಸಿದ ಮೊಟ್ಟೆಯ ಸಿಪ್ಪೆ ಸುಲಿದಾಗ ದಪ್ಪ ತುದಿಯಲ್ಲಿ ಬೆರಳಿನಿಂದ ಒತ್ತಿದಂಥ ಚಪ್ಪಟೆ ಜಾಗ ಕಾಣುತ್ತದಲ್ಲ, ಅಲ್ಲಿ ಇದ್ದದ್ದು ಗಾಳಿ. ಮೊಟ್ಟೆಯ ವಯಸ್ಸು ಬರೆದಿರುವುದು ಆ ಜಾಗದಲ್ಲೇ.

ಕೋಳಿಯ ಮೈ ಬಿಸಿ ಸುಮಾರು 41 ಡಿಗ್ರಿ. ಆಗಷ್ಟೇ ಇಟ್ಟ ಮೊಟ್ಟೆಯೂ ಅಷ್ಟೇ ಬೆಚ್ಚಗಿರುತ್ತದೆ, ಅದರಲ್ಲಿ ಗಾಳಿಗೂಡು ಇರುವುದಿಲ್ಲ ಎನ್ನಬಹುದು. ಆರುತ್ತಾ ಬಂದಂತೆ ಒಳಗಿನ ಲೋಳೆ ಕುಗ್ಗುತ್ತದೆ, ಸಿಪ್ಪೆ ಕುಗ್ಗುವುದಿಲ್ಲ. ಆಗ ದಪ್ಪ ತುದಿಯಲ್ಲಿ ಒಳಗಿನ ಎರಡು ಪೊರೆಗಳು ಬಿಟ್ಟುಕೊಂಡು ನಡುವೆ ಗಾಳಿ ಸೇರುತ್ತದೆ. ಸಿಪ್ಪೆಯಲ್ಲಿ ಕಣ್ಣಿಗೆ ಕಾಣದ ಸಾವಿರಾರು ರಂಧ್ರಗಳಿವೆ. ದಿನ ಕಳೆದಂತೆ ಅವುಗಳ ಮೂಲಕ ನೀರಿನಂಶ ಆವಿಯಾಗಿ ಹೋಗುತ್ತದೆ, ಹೋದಷ್ಟು ಜಾಗಕ್ಕೆ ಗಾಳಿ ಬರುತ್ತದೆ. ಮೊಟ್ಟೆಯ ಗಾತ್ರ ಅಷ್ಟೇ ಇರುತ್ತದೆ, ತೂಕ ಮಾತ್ರ ಇಳಿಯುತ್ತದೆ.

ನೀರಿನ ಪರೀಕ್ಷೆ ಅಳೆಯುವುದು ಇದನ್ನೇ. 55 ಗ್ರಾಂ ತೂಗುವ ತಾಜಾ ಮೊಟ್ಟೆಯೊಂದನ್ನು ತೆಗೆದುಕೊಳ್ಳಿ. ಅದು ಪಕ್ಕಕ್ಕೆ ಸರಿಸುವ ನೀರು ಸುಮಾರು ಐವತ್ತೂವರೆ ಗ್ರಾಂ. ಮೊಟ್ಟೆಯೇ ಭಾರ, ಆದ್ದರಿಂದ ಮುಳುಗಿ ತಳದಲ್ಲಿ ಅಡ್ಡಲಾಗಿ ಮಲಗುತ್ತದೆ. ಒಂದೆರಡು ಗ್ರಾಂ ಆವಿಯಾದರೆ ತಳದಲ್ಲೇ ಇದ್ದರೂ ದಪ್ಪ ತುದಿ ಮೇಲೇಳುತ್ತದೆ. ಇನ್ನಷ್ಟು ಹಳೆಯದಾದರೆ ನೆಟ್ಟಗೆ ನಿಲ್ಲುತ್ತದೆ. ನಾಲ್ಕೂವರೆ ಗ್ರಾಂ ದಾಟಿ ಕಳೆದುಕೊಂಡಾಗ ತೇಲುತ್ತದೆ. ಪಾತ್ರೆಯಲ್ಲಿ ಮೊಟ್ಟೆ ಪೂರ್ತಿ ಮುಳುಗಿ ಮೇಲೆ ನಾಲ್ಕು ಬೆರಳಷ್ಟು ನೀರಿರಲಿ. ಉಪ್ಪು ಹಾಕಬೇಡಿ, ಉಪ್ಪುನೀರಿನಲ್ಲಿ ತಾಜಾ ಮೊಟ್ಟೆಯೂ ತೇಲಬಹುದು.

ನೀರಿಗೆ ಹಾಕದೆಯೂ ನೋಡಬಹುದು. ಕತ್ತಲೆ ಕೋಣೆಯಲ್ಲಿ ಮೊಬೈಲ್ ಟಾರ್ಚನ್ನು ದಪ್ಪ ತುದಿಗೆ ಒತ್ತಿ ಹಿಡಿದರೆ ಗಾಳಿಗೂಡಿನ ಅಂಚು ಗೆರೆಯಂತೆ ಕಾಣುತ್ತದೆ. ನಮ್ಮ ಅಗ್‌ಮಾರ್ಕ್ ಶ್ರೇಣಿಯಲ್ಲಿ 'ಎ' ದರ್ಜೆಯ ಮೊಟ್ಟೆಗೆ ಈ ಗೂಡಿನ ಆಳ 4 ಮಿಲಿಮೀಟರ್ ದಾಟಬಾರದು.

ಆದರೆ ಈ ಪರೀಕ್ಷೆಗೆ ಗೊತ್ತಾಗುವುದು ಎಷ್ಟು ನೀರು ಹೋಗಿದೆ ಎಂಬುದು ಮಾತ್ರ, ಮೊಟ್ಟೆ ಕೆಟ್ಟಿದೆಯೇ ಎಂಬುದಲ್ಲ. ಬೇಸಿಗೆಯಲ್ಲಿ ಅಂಗಡಿಯ ಹೊರಗಿಟ್ಟ ಟ್ರೇಯ ಮೊಟ್ಟೆ, ಅದೇ ದಿನ ಇಟ್ಟು ಫ್ರಿಜ್ಜಿನಲ್ಲಿರಿಸಿದ ಮೊಟ್ಟೆಗಿಂತ ಎಷ್ಟೋ ಬೇಗ ಹಗುರಾಗುತ್ತದೆ. ತೇಲಿದ್ದು ಹಳೆಯದು ನಿಜ, ಕೊಳೆತೇ ಇರಬೇಕೆಂದಿಲ್ಲ. ಮುಳುಗಿದ್ದರಲ್ಲಿ ಸಾಲ್ಮೊನೆಲ್ಲಾ ರೋಗಾಣು ಇಲ್ಲವೆಂದೂ ಹೇಳಲಾಗದು. ಈ ಎರಡನೆಯ ತಪ್ಪೇ ಹೆಚ್ಚು ಅಪಾಯದ್ದು, ಅದಕ್ಕೇ ಮುಳುಗಿದ ಮೊಟ್ಟೆಯನ್ನೂ ಹಸಿಯಾಗಿ ಕುಡಿಯದೆ ಲೋಳೆ, ಹಳದಿ ಎರಡೂ ಗಟ್ಟಿಯಾಗುವವರೆಗೆ ಬೇಯಿಸಿ.

ಅನುಮಾನವಿದ್ದರೆ ಬೇರೆ ಬಟ್ಟಲಿಗೆ ಒಡೆದು ಮೂಸಿ ನೋಡಿ. ಕೊಳೆತದ್ದರ ಗಂಧಕದ ನಾತ ತಪ್ಪಿಸಿಕೊಳ್ಳುವುದಿಲ್ಲ. ಇನ್ನೊಂದು ಮಾತು: ನೆನೆದ ಸಿಪ್ಪೆಯ ಮೇಲಿನ ರಕ್ಷಾಪದರ ಸಡಿಲವಾಗುತ್ತದೆ. ಹಾಗಾಗಿ ಇಡೀ ಟ್ರೇಯನ್ನು ನೀರಿಗೆ ಹಾಕಿ ಮತ್ತೆ ಎತ್ತಿಡಬೇಡಿ. ಆಗಲೇ ಬೇಯಿಸುವ ಮೊಟ್ಟೆಯನ್ನು ಮಾತ್ರ ಪರೀಕ್ಷಿಸಿ.