ಮೊಣಕೈ ಮಡಿಕೆಯ ತುರಿಕೆ

ಚಳಿ ಶುರುವಾದರೆ ಸಾಕು, ನಾಲ್ಕು ವರ್ಷದ ಮಗು ರಾತ್ರಿಯೆಲ್ಲ ಮೊಣಕೈ ಮಡಿಕೆ ಕೆರೆದುಕೊಳ್ಳುತ್ತದೆ. ಒಣಗಿದ ಚರ್ಮ ಕೆಂಪಾಗಿ ಬಿರಿಯುತ್ತದೆ. ಇದು ಎಕ್ಸಿಮಾ, ಅಂಟುರೋಗವಲ್ಲ.

ಇಂಥ ಮಕ್ಕಳ ಚರ್ಮ ತೇವವನ್ನು ಹಿಡಿದಿಟ್ಟುಕೊಳ್ಳಲಾರದು. ಸುಡುನೀರು, ಸೋಪಿನ ನೊರೆ, ಕಡಲೆಹಿಟ್ಟಿನ ಉಜ್ಜಾಟ ಇದ್ದಬದ್ದ ಜಿಡ್ಡನ್ನೂ ತೊಳೆದುಬಿಡುತ್ತವೆ. ಹಾಗಾಗಿ ಉಗುರುಬೆಚ್ಚಗಿನ ನೀರಿನಲ್ಲಿ 5ರಿಂದ 10 ನಿಮಿಷದ ಸ್ನಾನ ಸಾಕು. ಸೋಪು ಸೌಮ್ಯವಾದದ್ದು, ಪರಿಮಳವಿಲ್ಲದ್ದು ಇರಲಿ.

ಮುಖ್ಯ ಕೆಲಸ ಆಮೇಲಿನದು. ಉಜ್ಜದೆ, ಟವೆಲನ್ನು ಒತ್ತಿ ನೀರು ಹೀರಿಸಿ, ಮೈ ಇನ್ನೂ ಹಸಿಯಿರುವಾಗಲೇ ಪರಿಮಳವಿಲ್ಲದ ದಪ್ಪ ಕ್ರೀಮನ್ನೋ ಪೆಟ್ರೋಲಿಯಂ ಜೆಲ್ಲಿಯನ್ನೋ ಧಾರಾಳವಾಗಿ ಸವರಬೇಕು. ಮಲಗುವ ಮುನ್ನ ಮತ್ತೊಮ್ಮೆ. ಕೆಂಪು ಮಾಯವಾದರೂ ಇದನ್ನು ನಿಲ್ಲಿಸಬಾರದು.

ಉರಿಯೂತ ಇಳಿಯದಿದ್ದರೆ ವೈದ್ಯರು ಕೆಲದಿನಗಳಿಗೆ ಸ್ಟೀರಾಯ್ಡ್ ಮುಲಾಮು ಬರೆದುಕೊಡುತ್ತಾರೆ. ಗಾಯ ಜಿನುಗಿ ಹಳದಿ ಹೊಪ್ಪಳೆ ಕಟ್ಟಿದರೆ ಸೋಂಕು ತಗುಲಿರಬಹುದು. ತಡಮಾಡದೆ ವೈದ್ಯರಿಗೆ ತೋರಿಸಬೇಕು.