ತಾರಸಿ ಸೋಲಾರ್‌ನ ಎಎಂಸಿ: ತೊಳೆಯುವುದಕ್ಕೆಷ್ಟು, ಪರೀಕ್ಷೆಗೆಷ್ಟು?

ತಾರಸಿಯ ಸೋಲಾರ್ ಘಟಕಕ್ಕೆ ಎಎಂಸಿ ಎಂಬ ಹೆಸರಿನಲ್ಲಿ ಮಾರಾಟವಾಗುವುದು ಮೂರು ಬೇರೆ ಬೇರೆ ಸರಕು: ಪ್ಯಾನಲ್ ತೊಳೆಯುವ ಕೂಲಿ, ವಿದ್ಯುತ್ ಪರೀಕ್ಷೆ, ಕೆಟ್ಟ ಭಾಗಗಳ ಬದಲಾವಣೆ. ಮೂರಕ್ಕೂ ಸೇರಿಸಿ ಒಂದೇ ಮೊತ್ತ ಬರೆದ ಕೊಟೇಶನ್ ಕೈಗೆ ಬಂದರೆ ಅದು ದುಬಾರಿಯೋ ಅಗ್ಗವೋ ಹೇಳಲು ಬರುವುದಿಲ್ಲ. ಮೊದಲು ಬಿಡಿಸಿ ಬರೆಸಿಕೊಳ್ಳಬೇಕು.

ಅದಕ್ಕೂ ಮುಂಚೆ ನೋಡಬೇಕಾದದ್ದು ಹಳೆಯ ಕಾಗದಪತ್ರ. 2024ರಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯ ಸಬ್ಸಿಡಿ ಪಡೆದ ಮನೆಗಳಿಗೆ ಘಟಕ ಕೂರಿಸಿದವರೇ ಐದು ವರ್ಷ ನಿರ್ವಹಣೆ ಮಾಡಬೇಕೆಂಬ ಷರತ್ತಿದೆ. ಆ ಅವಧಿಯೊಳಗೆ ದುರಸ್ತಿಗೆಂದು ಮತ್ತೆ ಹಣ ಕೇಳಿದರೆ ಅದು ಒಂದೇ ಕೆಲಸಕ್ಕೆ ಎರಡು ಸಲ ಕೊಟ್ಟಂತೆ. ತೊಳೆಯುವ ಕೆಲಸವೂ ಅದರಲ್ಲಿ ಸೇರಿದೆಯೇ ಎಂಬುದನ್ನು ಮಾತ್ರ ಒಪ್ಪಂದದಲ್ಲಿ ಓದಿ ನೋಡಬೇಕು. ಸಬ್ಸಿಡಿ ಇಲ್ಲದ ಘಟಕಗಳಲ್ಲೂ ಇನ್ವರ್ಟರ್‌ಗೆ ಸಾಮಾನ್ಯವಾಗಿ ಐದರಿಂದ ಹತ್ತು ವರ್ಷದ ವಾರಂಟಿ ಇರುತ್ತದೆ.

ಬೆಂಗಳೂರಿನ ಒಂದು ಸಣ್ಣ ಅಪಾರ್ಟ್‌ಮೆಂಟಿನ ಲೆಕ್ಕ ಹಾಕಿ ನೋಡಬಹುದು. ತಾರಸಿಯ ಮೇಲೆ ಸುಮಾರು 10 ಕಿಲೋವಾಟ್ ಘಟಕ, ಒಟ್ಟು ಹದಿನೆಂಟು ಪ್ಯಾನಲ್, ಒಂಬತ್ತೊಂಬತ್ತರ ಎರಡು ಸ್ಟ್ರಿಂಗ್, ಒಂದು ಇನ್ವರ್ಟರ್ ಎಂದಿಟ್ಟುಕೊಳ್ಳೋಣ. ನೆರಳಿಲ್ಲದಿದ್ದರೆ ಇಂಥ ಘಟಕ ವರ್ಷಕ್ಕೆ ಹೆಚ್ಚುಕಮ್ಮಿ 14,000 ಯೂನಿಟ್ ಕೊಡುತ್ತದೆ. ಯೂನಿಟ್‌ಗೆ 6 ರೂಪಾಯಿ ಹಿಡಿದರೆ 84,000 ರೂಪಾಯಿಯ ವಿದ್ಯುತ್ತು. ಎಎಂಸಿಗೆ ಕೊಡುವ ಪ್ರತಿ ರೂಪಾಯಿಯನ್ನೂ ಈ ಮೊತ್ತದ ಪಕ್ಕದಲ್ಲಿಟ್ಟು ತೂಗಬೇಕು.

ಮೊದಲು ತೊಳೆಯುವ ಖರ್ಚು. ನವೆಂಬರ್‌ನಿಂದ ಮೇವರೆಗಿನ ಏಳು ತಿಂಗಳು ತಿಂಗಳಿಗೆರಡು ಸಲ, ಮಳೆಗಾಲದಲ್ಲಿ ಒಟ್ಟು ಎರಡು ಸಲ, ಹೀಗೆ ವರ್ಷಕ್ಕೆ ಹದಿನಾರು ಸಲ. ಇಬ್ಬರು ಬಂದು ತೊಳೆದು ಹೋಗಲು ಸಲಕ್ಕೆ 600 ರೂಪಾಯಿ ಎಂದರೂ 9,600 ಆಯಿತು. ಇದರಿಂದ ಉಳಿಯುವುದೆಷ್ಟು? ಆ ಏಳು ತಿಂಗಳ ಉತ್ಪಾದನೆ ಸುಮಾರು 9,000 ಯೂನಿಟ್. ಒಮ್ಮೆಯೂ ತೊಳೆಯದೆ ಬಿಟ್ಟು, ಧೂಳಿನಿಂದ ಶೇ 10ರಷ್ಟು ನಷ್ಟವಾಯಿತೆಂದೇ ಇಟ್ಟುಕೊಂಡರೂ ಹೋಗುವುದು 900 ಯೂನಿಟ್, ಅಂದರೆ 5,400 ರೂಪಾಯಿ. ಆ ನಷ್ಟ ತಪ್ಪಿಸಲು 9,600 ಖರ್ಚು! ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ತೊಳೆದರೆ ಖರ್ಚು 4,200ಕ್ಕೆ ಇಳಿಯುತ್ತದೆ, ಧೂಳಿನ ಬಹುಪಾಲೂ ಹೋಗುತ್ತದೆ. ಪಕ್ಕದಲ್ಲಿ ಕಟ್ಟಡದ ಕೆಲಸ, ಕಲ್ಲುಕ್ವಾರಿ ಅಥವಾ ಪಾರಿವಾಳಗಳ ಕಾಟವಿದ್ದರೆ ಮಾತ್ರ ಲೆಕ್ಕ ಬದಲಾಗುತ್ತದೆ. ಪಾರಿವಾಳದ ಹಿಕ್ಕೆಯಂತೂ ಒಣಗಿದ ಮೇಲೆ ಮಳೆಗೂ ಪೂರ್ತಿ ಬಿಡುವುದಿಲ್ಲ.

ಎಷ್ಟು ಸಲ ಎಂಬುದರ ಜೊತೆಗೆ ಹೇಗೆ ತೊಳೆಯುತ್ತಾರೆ ಎಂಬುದನ್ನೂ ಬರೆಸಬೇಕು. ಬೆಳಗ್ಗೆ ಗಾಜು ಕಾಯುವ ಮೊದಲೇ ಕೆಲಸ ಮುಗಿಯಬೇಕು. ಕಾದ ಗಾಜಿಗೆ ತಣ್ಣೀರು ಸುರಿದರೆ ಬಿರುಕು ಬಿಡುವ ಅಪಾಯವಿದೆ. ಗಡಸು ಬೋರ್‌ವೆಲ್ ನೀರು ಒಣಗಿದ ಮೇಲೆ ಬಿಳಿ ಕಲೆ ಉಳಿಸುತ್ತದೆ, ವರ್ಷಗಟ್ಟಲೆ ಕೂತ ಆ ಪದರ ಉಜ್ಜಿದರೂ ಹೋಗದು. ಅಂಥ ನೀರನ್ನೇ ಬಳಸಬೇಕಾದರೆ ಕೊನೆಗೆ ವೈಪರ್‌ನಿಂದ ಎಳೆದು ಒಣಗಿಸುವ ಮಾತು ಕರಾರಿನಲ್ಲಿರಲಿ. ಪ್ಯಾನಲ್ ಮೇಲೆ ಕಾಲಿಡಕೂಡದು ಎಂಬುದೂ ಇರಲಿ. ತುಳಿದಾಗ ಗಾಜು ಒಡೆಯದಿದ್ದರೂ ಒಳಗಿನ ಸೆಲ್ ಸೀಳುತ್ತದೆ, ಅದು ಕಣ್ಣಿಗೆ ಕಾಣುವುದಿಲ್ಲ.

ನಿಜವಾಗಿ ದುಡ್ಡು ಕೊಡಬೇಕಾದದ್ದು ಎರಡನೆಯ ಸರಕಿಗೆ, ಅಂದರೆ ಪರೀಕ್ಷೆಗೆ. ಅನೇಕ ಎಎಂಸಿಗಳಲ್ಲಿ ಇದು ‘ಜನರಲ್ ಚೆಕಪ್’ ಎಂಬ ಎರಡು ಪದದಲ್ಲಿ ಮುಗಿದುಹೋಗುತ್ತದೆ. ಆರು ತಿಂಗಳಿಗೊಮ್ಮೆ ತಂತ್ರಜ್ಞರು ಬಂದಾಗ ಪ್ರತಿ ಸ್ಟ್ರಿಂಗ್‌ನ ವೋಲ್ಟೇಜ್ ಮತ್ತು ಕರೆಂಟ್ ಅಳೆಯಬೇಕು, ಡಿಸಿ ಕೇಬಲ್‌ಗಳ ಇನ್ಸುಲೇಶನ್ ಅನ್ನು ಮೆಗ್ಗರ್‌ನಿಂದ ಪರೀಕ್ಷಿಸಬೇಕು, ಡಿಸಿ ಮತ್ತು ಎಸಿ ಪೆಟ್ಟಿಗೆಗಳಲ್ಲಿನ ಫ್ಯೂಸ್ ಹಾಗೂ ಸರ್ಜ್ ಪ್ರೊಟೆಕ್ಟರ್ ನೋಡಬೇಕು, ಕನೆಕ್ಟರ್‌ಗಳು ಬಿಸಿಯಾಗಿ ಬಣ್ಣಗೆಟ್ಟಿವೆಯೇ ಎಂದು ಪರಿಶೀಲಿಸಬೇಕು. ಅರ್ತಿಂಗ್ ಪ್ರತಿರೋಧ ಸಾಮಾನ್ಯವಾಗಿ 5 ಓಮ್‌ಗಿಂತ ಕಡಿಮೆ ಇರಬೇಕು. ಇದನ್ನು ಮಾರ್ಚ್‌ನಲ್ಲೇ ಅಳೆಸುವುದು ಮೇಲು, ಮಳೆಗಾಲದ ಒದ್ದೆ ಮಣ್ಣಿನಲ್ಲಿ ಎಂಥ ಕೆಟ್ಟ ಅರ್ತಿಂಗ್ ಕೂಡ ಪಾಸಾಗುತ್ತದೆ.

ಈ ಅಳತೆಗಳು ಏಕೆ ಬೇಕೆಂಬುದಕ್ಕೆ ಒಂದು ಉದಾಹರಣೆ. ಮೇಲಿನ ಘಟಕದಲ್ಲಿ ಒಂದು ಪ್ಯಾನಲ್ ಕೆಲಸ ಮಾಡುವಾಗ ಸುಮಾರು 41 ವೋಲ್ಟ್ ಕೊಡುತ್ತದೆ, ಒಂಬತ್ತು ಸೇರಿದರೆ 370ರ ಆಸುಪಾಸು. ಒಂದು ಸ್ಟ್ರಿಂಗ್ 370 ತೋರಿಸುತ್ತಿದ್ದು, ಅದೇ ಬಿಸಿಲಿನಲ್ಲಿ ಇನ್ನೊಂದು 356 ತೋರಿಸಿದರೆ ಕಡಿಮೆಯಾದ 14 ವೋಲ್ಟ್ ಒಂದು ಪ್ಯಾನಲ್‌ನ ಮೂರನೇ ಒಂದು ಭಾಗಕ್ಕೆ ಸಮ. ಪ್ಯಾನಲ್‌ನ ಹಿಂದಿನ ಜಂಕ್ಷನ್ ಬಾಕ್ಸ್‌ನಲ್ಲಿ ಮೂರು ಬೈಪಾಸ್ ಡಯೋಡ್‌ಗಳಿರುತ್ತವೆ. ಅವುಗಳಲ್ಲಿ ಒಂದು ಸುಟ್ಟು ಶಾರ್ಟ್ ಆದಾಗ ಸರಿಯಾಗಿ ಇಷ್ಟೇ ಇಳಿಯುತ್ತದೆ. ಒಟ್ಟು ಉತ್ಪಾದನೆಯಲ್ಲಿ ಇದು ಶೇ 2ರಷ್ಟು ಮಾತ್ರ, ಮೊಬೈಲ್ ಆ್ಯಪ್‌ನಲ್ಲಿ ಮೋಡದ ದಿನದ ಏರಿಳಿತದೊಳಗೆ ಕರಗಿಹೋಗುತ್ತದೆ. ತೊಳೆಯಲು ಬಂದವರ ಕಣ್ಣಿಗಂತೂ ಬೀಳುವುದೇ ಇಲ್ಲ. ಮೀಟರ್ ಹಿಡಿದವರಿಗೆ ಐದು ನಿಮಿಷದ ಕೆಲಸ. ಪ್ಯಾನಲ್ ವಾರಂಟಿಯಲ್ಲಿದ್ದರೆ ಬದಲಿ ಕೇಳಲು ಈ ಎರಡು ಅಂಕಿಗಳಿರುವ ವರದಿಯೇ ಆಧಾರ. ಹಾಗಾಗಿ ಪ್ರತಿ ಭೇಟಿಯ ನಂತರ ಅಂಕಿಗಳಿರುವ ವರದಿ ಕೊಟ್ಟ ಮೇಲೆಯೇ ಆ ಕಂತಿನ ಹಣ ಎಂಬ ಷರತ್ತು ಹಾಕಬೇಕು. ‘ಓಕೆ’ ಎಂದು ಟಿಕ್ ಹಾಕಿದ ಹಾಳೆ ವರದಿಯಲ್ಲ.

ಇಂಥ ಎರಡು ಭೇಟಿಗೆ ತಲಾ 2,000, ವರ್ಷದಲ್ಲಿ ಎರಡು ಮೂರು ತುರ್ತು ಕರೆಗಳಿಗೆ 1,500 ಹಿಡಿದರೆ 5,500 ರೂಪಾಯಿ. ತಿಂಗಳಿಗೊಮ್ಮೆಯ ಬೇಸಿಗೆ ತೊಳೆತ ಸೇರಿದರೆ 9,700. ಮೇಲೆ ಶೇ 18ರ ಜಿಎಸ್‌ಟಿ. ಕೂಲಿಯ ದರ ಊರಿಂದೂರಿಗೆ ಬದಲಾಗುತ್ತದೆ, ಲೆಕ್ಕದ ದಾರಿ ಬದಲಾಗುವುದಿಲ್ಲ. ಹೀಗೆ ಬಿಡಿಸಿದಾಗ ಇದೇ ಘಟಕಕ್ಕೆ 15,000 ಕೇಳುವವರು ಹೆಚ್ಚಿನ ಹಣಕ್ಕೆ ಏನು ಕೊಡುತ್ತಾರೆಂದು ಕೇಳಬಹುದು, 4,000ಕ್ಕೆ ಎಲ್ಲ ಮಾಡುತ್ತೇವೆ ಎನ್ನುವವರು ಏನು ಬಿಡುತ್ತಾರೆಂದೂ ಕೇಳಬಹುದು. ಆದರೆ 3 ಕಿಲೋವಾಟ್‌ನ ಮನೆಗೆ ಇದರ ಮೂರನೇ ಒಂದು ಭಾಗ ಸಾಲದು. ಬಂದು ಹೋಗುವ ಖರ್ಚು ಪ್ಯಾನಲ್ ಆರಿದ್ದರೂ ಹದಿನೆಂಟಿದ್ದರೂ ಒಂದೇ. ಕಿಲೋವಾಟ್‌ಗೆ ಇಷ್ಟು ಎಂಬ ದರವನ್ನು ಬೇರೆ ಬೇರೆ ಗಾತ್ರದ ಘಟಕಗಳ ನಡುವೆ ಹೋಲಿಸುವುದು ದಾರಿ ತಪ್ಪಿಸುತ್ತದೆ.

ತುರ್ತು ಕರೆಯ ಮಾತಿಗೆ ಗಡುವಿರಬೇಕು. ಇನ್ವರ್ಟರ್ ನಿಂತರೆ ಈ ಘಟಕಕ್ಕೆ ದಿನಕ್ಕೆ 38 ಯೂನಿಟ್, ಸುಮಾರು 230 ರೂಪಾಯಿ ನಷ್ಟ. ಎರಡು ಕೆಲಸದ ದಿನದೊಳಗೆ ಬರಬೇಕು, ಬಾರದಿದ್ದರೆ ಆ ದಿನಗಳ ಯೂನಿಟ್ ನಷ್ಟವನ್ನು ಬಿಲ್ಲಿನಲ್ಲಿ ಕಳೆಯಬೇಕು ಎಂದು ಬರೆಸಿದರೆ ಸಾಕು. ಲೈನ್ ಕರೆಂಟ್ ಹೋದಾಗ ಇಂಥ ಇನ್ವರ್ಟರ್ ತಾನಾಗಿಯೇ ನಿಲ್ಲುತ್ತದೆ, ಆ ಹೊತ್ತನ್ನು ನಿರ್ವಹಣೆಯವರ ಲೆಕ್ಕಕ್ಕೆ ಹಾಕುವುದು ನ್ಯಾಯವಲ್ಲ.

ಉಳಿದದ್ದು ಬಿಡಿಭಾಗ ಸೇರಿದ ‘ಕಾಂಪ್ರಹೆನ್ಸಿವ್’ ಎಎಂಸಿ. ಇನ್ವರ್ಟರ್ ವಾರಂಟಿ ಇರುವಷ್ಟು ಕಾಲ ಇದಕ್ಕೆ ಹೆಚ್ಚು ಕೊಡುವುದು ದಂಡ. ವಾರಂಟಿಯಡಿ ಕಂಪನಿ ಯಂತ್ರ ಬದಲಿಸಿಕೊಡುತ್ತದೆ, ಆದರೆ ಹಳೆಯದನ್ನು ಬಿಚ್ಚಿ ಕಳಿಸಿ ಹೊಸದನ್ನು ಕೂರಿಸುವ ಕೂಲಿಯನ್ನು ಎಷ್ಟೋ ಸಲ ಕೊಡುವುದಿಲ್ಲ. ಆ ಕೂಲಿಯನ್ನು ಸಾದಾ ಎಎಂಸಿಯಲ್ಲೇ ಸೇರಿಸಿಕೊಳ್ಳಬಹುದು. ವಾರಂಟಿ ಮುಗಿದ ಮೇಲೆ ಇಂಥ ಎಎಂಸಿ ಒಂದು ಬಗೆಯ ವಿಮೆ. ವರ್ಷಕ್ಕೆ ಹೆಚ್ಚುವರಿ ಎಷ್ಟು ಕೇಳುತ್ತಾರೋ ಅದನ್ನು ಹೊಸ ಇನ್ವರ್ಟರ್‌ನ ಬೆಲೆಗೆ ಹೋಲಿಸಬೇಕು. ಐದು ವರ್ಷದ ಹೆಚ್ಚುವರಿ ಆ ಬೆಲೆಯನ್ನು ಮೀರಿದರೆ ಸಂಘವೇ ಆ ಹಣವನ್ನು ಎತ್ತಿಡುವುದು ಮೇಲು. ಸಿಡಿಲು, ಕಳ್ಳತನ, ಕೋತಿಗಳ ಹಾವಳಿಯನ್ನು ಸಾಮಾನ್ಯವಾಗಿ ಯಾವ ಎಎಂಸಿಯೂ ಹೊರುವುದಿಲ್ಲ, ಸಿಡಿಲಿಗೂ ಕಳ್ಳತನಕ್ಕೂ ಕಟ್ಟಡದ ವಿಮಾ ಪಾಲಿಸಿಯಲ್ಲಿ ಘಟಕವನ್ನು ಹೆಸರಿಸಿ ಸೇರಿಸಬೇಕು.