‘ಸ್ಮೂತ್’ ಅಂದರೆ ಘರ್ಷಣೆ ಇಲ್ಲ

ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡ ಮಕ್ಕಳನ್ನು ‘ಯಾವುದು ಕಷ್ಟ?’ ಎಂದು ಕೇಳಿದರೆ ಹೆಚ್ಚಿನವರು ಉದ್ದುದ್ದ ಪದಗಳನ್ನು ತೋರಿಸುತ್ತಾರೆ. ಆದರೆ ಮೊದಲ ಕೆಲವು ವಾರಗಳ ಅವರ ನೋಟ್ಸು ತೆರೆದು ನೋಡಿದರೆ ಬೇರೆಯೇ ಕಥೆ ಕಾಣುತ್ತದೆ. ಆ್ಯಕ್ಸಿಲರೇಷನ್, ಮೊಮೆಂಟಮ್ ತರಹದ ದೊಡ್ಡ ಪದಗಳನ್ನು ಅವರು ಹೇಗೋ ಹಿಡಿದುಕೊಂಡಿರುತ್ತಾರೆ. ಬಾಡಿ, ರೆಸ್ಟ್, ಸ್ಮೂತ್, ಲೈಟ್ ತರಹದ ಪುಟ್ಟ ಪದಗಳು ಬಂದ ಕಡೆಯೇ ಲೆಕ್ಕ ತಪ್ಪಿರುತ್ತದೆ.

ಒಂದು ಲೆಕ್ಕವನ್ನೇ ತೆಗೆದುಕೊಳ್ಳೋಣ. ಪ್ರಥಮ ಪಿಯುಸಿ ಭೌತಶಾಸ್ತ್ರದಲ್ಲಿ ಇಂಥದ್ದು ಬಂದೇ ಬರುತ್ತದೆ: ‘ಎ ಬಾಡಿ ಆಫ್ ಮಾಸ್ 2 ಕೆಜಿ, ಇನಿಷಿಯಲಿ ಅಟ್ ರೆಸ್ಟ್ ಆನ್ ಎ ಸ್ಮೂತ್ ಹಾರಿಜಾಂಟಲ್ ಸರ್ಫೇಸ್, ಈಸ್ ಆ್ಯಕ್ಟೆಡ್ ಅಪಾನ್ ಬೈ ಎ ಕಾನ್‌ಸ್ಟಂಟ್ ಹಾರಿಜಾಂಟಲ್ ಫೋರ್ಸ್ ಆಫ್ 10 ನ್ಯೂಟನ್. ಫೈಂಡ್ ಇಟ್ಸ್ ವೆಲಾಸಿಟಿ ಆಫ್ಟರ್ 4 ಸೆಕೆಂಡ್ಸ್.’ ಇದನ್ನು ಕೇಳಿದ ಹುಡುಗಿಯೊಬ್ಬಳು ನಿಘಂಟು ತೆರೆಯುತ್ತಾಳೆ ಎಂದುಕೊಳ್ಳಿ. ಬಾಡಿ ಎಂದರೆ ದೇಹ, ರೆಸ್ಟ್ ಎಂದರೆ ವಿಶ್ರಾಂತಿ, ಸ್ಮೂತ್ ಎಂದರೆ ನುಣುಪು ಎಂದು ಅಲ್ಲಿರುತ್ತದೆ. ನುಣುಪಾದ ಜಾಗದಲ್ಲಿ ವಿಶ್ರಾಂತಿ ಪಡೆಯುತ್ತಿರುವ ದೇಹ! ಅದರಿಂದ ಯಾವ ಲೆಕ್ಕ ಬಿಡಿಸಲು ಸಾಧ್ಯ?

ನಿಜಕ್ಕೂ ಆ ವಾಕ್ಯದ ಒಂದೊಂದು ಪುಟ್ಟ ಪದವೂ ಲೆಕ್ಕಕ್ಕೆ ಏನೋ ಒಂದನ್ನು ಕೊಡುತ್ತಿದೆ. ಬಾಡಿ ಎಂದರೆ ಅವಳು ಒಂಬತ್ತನೇ ತರಗತಿಯಲ್ಲೇ ಓದಿದ್ದ ‘ಕಾಯ’. ‘ಅಟ್ ರೆಸ್ಟ್’ ಎಂದರೆ ಕಾಯ ನಿಶ್ಚಲವಾಗಿದೆ, ಅಂದರೆ ಆರಂಭಿಕ ವೇಗ ಸೊನ್ನೆ, `u = 0`. ‘ಸ್ಮೂತ್’ ಎಂದರೆ ಘರ್ಷಣೆಯನ್ನು ಲೆಕ್ಕಕ್ಕೆ ತರಬೇಡ ಎಂಬ ಅಪ್ಪಣೆ. ‘ಕಾನ್‌ಸ್ಟಂಟ್’ ಎಂದರೆ ಬಲ ಬದಲಾಗುವುದಿಲ್ಲ, ಆದ್ದರಿಂದ ವೇಗೋತ್ಕರ್ಷವೂ ಬದಲಾಗುವುದಿಲ್ಲ, ಹಾಗಾಗಿ `v = u + at` ಸೂತ್ರವನ್ನು ಧೈರ್ಯವಾಗಿ ಬಳಸಬಹುದು. ಇಷ್ಟು ತಿಳಿದರೆ ಉಳಿದದ್ದು ಎರಡೇ ಸಾಲು: `a = F/m = 10/2 = 5 m/s²`, ಆಮೇಲೆ `v = 0 + 5 × 4 = 20 m/s`.

ಈಗ ಅದೇ ಪ್ರಶ್ನೆಯಲ್ಲಿ ‘ಸ್ಮೂತ್’ ಬದಲು ‘ರಫ್’ ಎಂದು ಹಾಕಿ, ಘರ್ಷಣಾಂಕ 0.2 ಎಂದು ಕೊಡೋಣ. ಗುರುತ್ವ ವೇಗೋತ್ಕರ್ಷವನ್ನು 10 ಎಂದು ಹಿಡಿದರೆ ಚಲಿಸುತ್ತಿರುವ ಕಾಯಕ್ಕೆ ಘರ್ಷಣೆಯ ಬಲ 0.2 × 2 × 10, ಅಂದರೆ 4 ನ್ಯೂಟನ್. 10ರಲ್ಲಿ ಅದನ್ನು ಕಳೆದರೆ ಉಳಿಯುವ ಬಲ 6 ನ್ಯೂಟನ್, ವೇಗೋತ್ಕರ್ಷ 3, ನಾಲ್ಕು ಸೆಕೆಂಡಿನ ಕೊನೆಗೆ ವೇಗ 12. ಇಪ್ಪತ್ತು ಹನ್ನೆರಡಾಯಿತು. ಇದೇ ಜಾತಿಗೆ ಸೇರಿದವು ಇನ್ನೂ ಇವೆ. ‘ಲೈಟ್ ಸ್ಟ್ರಿಂಗ್’ ಎಂದಾಗ ದಾರದ ರಾಶಿಯನ್ನು ಬಿಟ್ಟುಬಿಡಬೇಕು. ‘ಯೂನಿಫಾರ್ಮ್ ವೆಲಾಸಿಟಿ’ ಎಂದಾಗ ವೇಗೋತ್ಕರ್ಷ ಸೊನ್ನೆ. ‘ಡ್ರಾಪ್ಡ್’ ಎಂದಾಗ ಆರಂಭಿಕ ವೇಗ ಸೊನ್ನೆ, ‘ಥ್ರೋನ್’ ಎಂದಾಗ ಅಲ್ಲ. ಇವನ್ನು ಅರ್ಥದ ಜೊತೆ ಬರೆದಿಟ್ಟುಕೊಂಡು ಪ್ರಯೋಜನವಿಲ್ಲ. ಪದದ ಮುಂದೆ ಅದು ಕೊಡುವ ಸಮೀಕರಣವನ್ನೇ ಬರೆದುಕೊಳ್ಳಬೇಕು.

ಇಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ಒಂದು ಬಲವೂ ಇದೆ. ಅದನ್ನು ಕಾಲೇಜುಗಳು ಗುರುತಿಸುವುದೇ ಇಲ್ಲ ಎಂಬುದು ನನ್ನ ದೂರು. ಇಂಗ್ಲಿಷಿನಲ್ಲಿ ಒಂದೇ ಪದ ಹಲವು ಕಡೆ ಹಲವು ಕೆಲಸ ಮಾಡುತ್ತದೆ, ಕನ್ನಡ ಪಠ್ಯ ಅವನ್ನು ಬೇರೆ ಬೇರೆ ಹೆಸರಿನಿಂದ ಕರೆದಿದೆ. ಜೀವಶಾಸ್ತ್ರದ ಸೆಲ್ ಜೀವಕೋಶ, ವಿದ್ಯುತ್ತಿನ ಸೆಲ್ ವಿದ್ಯುತ್ಕೋಶ. ರಸಾಯನಶಾಸ್ತ್ರದ ಸೊಲ್ಯೂಷನ್ ದ್ರಾವಣ, ಗಣಿತದ ಸೊಲ್ಯೂಷನ್ ಪರಿಹಾರ. ತ್ರಿಭುಜದ ಬೇಸ್ ಪಾದ, ಆಮ್ಲದ ಎದುರಿಗೆ ನಿಲ್ಲುವ ಬೇಸ್ ಪ್ರತ್ಯಾಮ್ಲ. ‘ಟೆನ್ ಟು ದ ಪವರ್ ಮೈನಸ್ ನೈನ್‌ಟೀನ್’ ಎಂಬಲ್ಲಿನ ಪವರ್ ಘಾತ, ವ್ಯಾಟ್‌ನಲ್ಲಿ ಅಳೆಯುವ ಪವರ್ ಸಾಮರ್ಥ್ಯ. ಪರಿಕಲ್ಪನೆಗಳು ಬೇರೆ ಬೇರೆ ಎಂಬುದು ಈ ಮಕ್ಕಳಿಗೆ ಮೊದಲೇ ಗೊತ್ತಿದೆ. ಅವರು ಹೊಸದಾಗಿ ಕಲಿಯಬೇಕಾದದ್ದು ಇವೆಲ್ಲ ಇಂಗ್ಲಿಷಿನಲ್ಲಿ ಒಂದೇ ಹೆಸರು ಹೊತ್ತಿವೆ ಎಂಬುದನ್ನು ಮಾತ್ರ.

ಉದ್ದ ಪದಗಳಲ್ಲೂ ಈ ಬಲ ಒದಗುತ್ತದೆ. ಆಟೋಟ್ರೋಫ್ ಎಂದರೆ ಸ್ವಪೋಷಕ, ಹೆಟೆರೋಟ್ರೋಫ್ ಎಂದರೆ ಪರಪೋಷಕ. ‘ಆಟೋ’ ಇದ್ದಲ್ಲಿ ‘ಸ್ವ’, ‘ಹೆಟೆರೋ’ ಇದ್ದಲ್ಲಿ ‘ಪರ’. ಎಕ್ಸೋಥರ್ಮಿಕ್ ಬಹಿರುಷ್ಣಕ, ಎಂಡೋಥರ್ಮಿಕ್ ಅಂತರುಷ್ಣಕ. ಫೋಟೋಸಿಂಥೆಸಿಸ್ ಎಂಬುದರಲ್ಲಿ ದ್ಯುತಿಯೂ ಸಂಶ್ಲೇಷಣೆಯೂ ಅದೇ ಕ್ರಮದಲ್ಲಿ ಕೂತಿವೆ. ಪಠ್ಯ ರಚಿಸಿದವರು ಭಾಗಕ್ಕೆ ಭಾಗ ಜೋಡಿಸಿಯೇ ಈ ಪದಗಳನ್ನು ಕಟ್ಟಿದ್ದಾರೆ. ಆದ್ದರಿಂದ ಇವನ್ನು ಬಾಯಿಪಾಠ ಮಾಡದೆ ಒಡೆದು ನೋಡಿದರೆ ಮುಂದೆ ಬರುವ ಎಂಡೋಸ್ಪರ್ಮ್, ಎಕ್ಸೋಸ್ಕೆಲಿಟನ್‌ಗಳೂ ಅರ್ಧ ಪರಿಚಿತವಾಗಿಯೇ ಬರುತ್ತವೆ.

ಇದಕ್ಕೆ ಬೇಕಾದ ಸಾಮಗ್ರಿ ಕೈಗೆಟುಕುವಂತೆಯೇ ಇದೆ. ರಾಜ್ಯದ ಹತ್ತನೇ ತರಗತಿಯ ವಿಜ್ಞಾನ ಮತ್ತು ಗಣಿತ ಪಠ್ಯಗಳು ಎನ್‌ಸಿಇಆರ್‌ಟಿ ಪುಸ್ತಕವನ್ನು ಆಧರಿಸಿದವು. ಕನ್ನಡ ಮಾಧ್ಯಮದ ಪುಸ್ತಕವೂ ಇಂಗ್ಲಿಷ್ ಮಾಧ್ಯಮದ ಪುಸ್ತಕವೂ ಒಂದೇ ಪಠ್ಯದ ಎರಡು ರೂಪ. ಅಧ್ಯಾಯಗಳು ಅವೇ, ಚಿತ್ರಗಳು ಅವೇ, ಅಭ್ಯಾಸದ ಲೆಕ್ಕಗಳೂ ಅವೇ. ಪರೀಕ್ಷೆ ಮುಗಿದು ಕಾಲೇಜು ಶುರುವಾಗುವ ಮೊದಲಿನ ರಜೆಯಲ್ಲಿ ಇಂಗ್ಲಿಷ್ ಮಾಧ್ಯಮದ ಹತ್ತನೇ ತರಗತಿ ಪುಸ್ತಕ ಹುಡುಕಿಕೊಂಡು ಎರಡನ್ನೂ ಪಕ್ಕ ಪಕ್ಕ ಇಟ್ಟು ವಿದ್ಯುಚ್ಛಕ್ತಿಯ ಅಧ್ಯಾಯ ಓದಿ ನೋಡಿ. ರೋಧ ಇದ್ದಲ್ಲಿ ರೆಸಿಸ್ಟೆನ್ಸ್, ವಿಭವಾಂತರ ಇದ್ದಲ್ಲಿ ಪೊಟೆನ್ಷಿಯಲ್ ಡಿಫರೆನ್ಸ್ ತಾವಾಗಿ ಸಿಗುತ್ತವೆ. ಸೂತ್ರ ಮಾತ್ರ ಎರಡರಲ್ಲೂ ಒಂದೇ, `V = IR`. ಇಡೀ ಪುಸ್ತಕ ಮುಗಿಸಬೇಕೆಂದಿಲ್ಲ, ನಿಮಗೆ ಚೆನ್ನಾಗಿ ಅರ್ಥವಾಗಿದ್ದ ಅಧ್ಯಾಯಗಳನ್ನೇ ಆರಿಸಿಕೊಳ್ಳಿ. ವಿಷಯ ಗೊತ್ತಿದ್ದಾಗಲೇ ಭಾಷೆ ಹಿಡಿತಕ್ಕೆ ಬರುವುದು.

ಆದರೆ ಓದುವುದು ಬೇರೆ, ಪಾಠ ಕೇಳುವುದು ಬೇರೆ. ಕಿವಿಗೆ ಬಿದ್ದದ್ದು ಪುಸ್ತಕದಲ್ಲಿ ಸಿಗದೇ ಹೋಗುವುದು ಜೀವಶಾಸ್ತ್ರದಲ್ಲಿ ದಿನವೂ ನಡೆಯುತ್ತದೆ. ಉಪನ್ಯಾಸಕರು ‘ಸ್ಯೂಡೋಪೋಡಿಯಾ’ ಎನ್ನುತ್ತಾರೆ, ಹುಡುಗ ಪದಸೂಚಿಯಲ್ಲಿ ಎಸ್ ಅಕ್ಷರದ ಕೆಳಗೆ ಹುಡುಕುತ್ತಾನೆ, ಅದು ಪಿ ಅಕ್ಷರದಲ್ಲಿ ಕೂತಿರುತ್ತದೆ. ಕನ್ನಡ ಪುಸ್ತಕದಲ್ಲಿ ‘ಕ್ಸೈಲಂ’ ಎಂದು ಓದಿದವನಿಗೆ ತರಗತಿಯ ‘ಝೈಲಮ್’ ಬೇರೇನೋ ಅಂಗಾಂಶ ಎನಿಸುತ್ತದೆ. ಇಂಥ ಪದ ಬಂದಾಗ ಅಲ್ಲೇ ನಿಂತು ಯೋಚಿಸಿದರೆ ಮುಂದಿನ ಮೂರು ವಾಕ್ಯ ಕೈತಪ್ಪುತ್ತವೆ. ಕೇಳಿದ ಹಾಗೆಯೇ ಕನ್ನಡ ಲಿಪಿಯಲ್ಲಿ ಗೀಚಿ, ಪಕ್ಕದಲ್ಲಿ ಚುಕ್ಕಿ ಇಟ್ಟು, ಮುಂದೆ ಹೋಗಬೇಕು. ಸಂಜೆ ಪುಸ್ತಕದ ಅದೇ ಭಾಗ ತೆರೆದರೆ ಚುಕ್ಕಿ ಇಟ್ಟ ಪದಗಳಲ್ಲಿ ಹೆಚ್ಚಿನವು ಸಿಗುತ್ತವೆ. ಸಿಗದವನ್ನು ಮಾರನೆಯ ದಿನ ‘ಸರ್, ಈ ಪದ ಬೋರ್ಡ್ ಮೇಲೆ ಬರೀತೀರಾ?’ ಎಂದು ಕೇಳಬಹುದು. ‘ಅರ್ಥವಾಗಲಿಲ್ಲ’ ಎಂದು ಎದ್ದು ನಿಲ್ಲಲು ಹಿಂಜರಿಯುವವರೂ ಇದನ್ನು ಸಲೀಸಾಗಿ ಕೇಳುತ್ತಾರೆ. ಉಪನ್ಯಾಸಕರಲ್ಲಿ ನನ್ನದೊಂದು ಕೋರಿಕೆ: ಹಲಗೆಯ ಎಡಬದಿಯಲ್ಲಿ ಒಂದು ಗೆರೆ ಎಳೆದು ಆ ದಿನದ ಹೊಸ ಪದಗಳನ್ನು ಅಲ್ಲೇ ಬರೆದು, ಪಾಠ ಮುಗಿಯುವವರೆಗೂ ಅಳಿಸದೆ ಬಿಡಿ.

ಪದಗಳೆಲ್ಲ ಗೊತ್ತಿದ್ದೂ ಎಡವುವ ಇನ್ನೊಂದು ಜಾಗ ವಾಕ್ಯದ ಕ್ರಮ. ‘ಸಬ್‌ಟ್ರ್ಯಾಕ್ಟ್ ಫೈವ್ ಫ್ರಮ್ ಎಯ್ಟ್’ ಎಂದಾಗ ಐದು ಮೊದಲು ಕಿವಿಗೆ ಬೀಳುತ್ತದೆ, ಬರೆಯುವವನು `5 − 8` ಎಂದೇ ಬರೆಯುತ್ತಾನೆ. ‘ಎಂಟರಿಂದ ಐದನ್ನು ಕಳೆ’ ಎಂದು ಹತ್ತು ವರ್ಷ ಕೇಳಿದ ಕಿವಿ ಅದು. ಇಲ್ಲಿ ‘ಫ್ರಮ್’ ಆದಮೇಲೆ ಬರುವುದನ್ನು ಮೊದಲು ಬರೆಯಬೇಕು. ಹೀಗೆಯೇ ‘ರೆಸ್ಪೆಕ್ಟಿವ್‌ಲಿ’ ಎಂಬ ಪದ. ‘ಎ ಮತ್ತು ಬಿ ಕಾಯಗಳ ರಾಶಿ 2 ಮತ್ತು 3 ಕೆಜಿ, ರೆಸ್ಪೆಕ್ಟಿವ್‌ಲಿ’ ಎಂದರೆ ಹೇಳಿದ ಕ್ರಮದಲ್ಲೇ ಎ 2, ಬಿ 3. ಕನ್ನಡದಲ್ಲಿ ಸಂಖ್ಯೆಗಿಂತ ಮೊದಲೇ ‘ಕ್ರಮವಾಗಿ’ ಎಂದು ಹೇಳಿಬಿಡುತ್ತೇವೆ. ಇಂಗ್ಲಿಷಿನಲ್ಲಿ ಅದು ಬಾಲದಲ್ಲಿ ಬರುವುದರಿಂದ ಎಷ್ಟೋ ಮಕ್ಕಳು ಅದನ್ನು ಓದದೆಯೇ ಬಿಡುತ್ತಾರೆ.

ಅರ್ಥವಾಗದೇ ಇರುವುದು ಭಾಷೆಯಿಂದಲೋ ವಿಷಯದಿಂದಲೋ ಎಂದು ತಿಳಿಯುವುದು ಮುಖ್ಯ, ಏಕೆಂದರೆ ಎರಡಕ್ಕೂ ಮದ್ದು ಬೇರೆ. ಬಿಡಿಸಲಾಗದ ಲೆಕ್ಕವನ್ನು ಗೊತ್ತಿರುವವರಿಂದ ಕನ್ನಡದಲ್ಲಿ ಹೇಳಿಸಿಕೊಳ್ಳಿ, ಸೂತ್ರ ಮಾತ್ರ ಹೇಳಿಸಿಕೊಳ್ಳಬೇಡಿ. ತಕ್ಷಣ ಬಿಡಿಸಿದರೆ ತೊಡಕು ಪದದ್ದು. ಆಗಲೂ ಆಗದಿದ್ದರೆ ವಿಷಯವೇ ಬಿಗಿಯಾಗಿಲ್ಲ, ಎಷ್ಟು ಪದಪಟ್ಟಿ ಮಾಡಿದರೂ ಉಪಯೋಗವಿಲ್ಲ. ಪೊಟೆನ್ಷಿಯಲ್ ಡಿಫರೆನ್ಸ್ ಎಂದರೆ ವಿಭವಾಂತರ ಎಂದು ಥಟ್ಟನೆ ಹೇಳಿ, ವಿಭವಾಂತರ ಎಂದರೇನು ಎಂದಾಗ ಸುಮ್ಮನಾಗುವ ಮಕ್ಕಳು ಬಹಳ ಮಂದಿ ಇದ್ದಾರೆ. ಅವರಿಗೆ ಬೇಕಾದದ್ದು ಬ್ಯಾಟರಿ, ಬಲ್ಬು, ವೋಲ್ಟ್‌ಮೀಟರ್ ಇರುವ ಪ್ರಯೋಗಾಲಯದ ಮೇಜು, ಇಂಗ್ಲಿಷ್ ಟ್ಯೂಷನ್ ಅಲ್ಲ.

ನೋಟ್ಸನ್ನು ಶುರುವಿನಿಂದಲೇ ಶುದ್ಧ ಇಂಗ್ಲಿಷಿನಲ್ಲಿ ಬರೆಯಬೇಕೆಂಬ ಹಟ ಬೇಡ. ‘ಮಾಸ್ ಅಷ್ಟೇ ಇದ್ದು ಫೋರ್ಸ್ ಎರಡರಷ್ಟಾದರೆ ಆ್ಯಕ್ಸಿಲರೇಷನ್ ಎರಡರಷ್ಟಾಗುತ್ತೆ’ ಎಂದು ಬರೆದುಕೊಂಡವನಿಗೆ ವಿಷಯವೂ ಬಂದಿದೆ, ಪದವೂ ಬಂದಿದೆ. ವಾಕ್ಯ ಆಮೇಲೆ ಬರುತ್ತದೆ. ಉತ್ತರಪತ್ರಿಕೆಗೆ ಬೇಕಾದ ವಾಕ್ಯದ ಅಚ್ಚುಗಳು ಹೆಚ್ಚಿಲ್ಲ: ‘ಈಸ್ ಡಿಫೈನ್ಡ್ ಆ್ಯಸ್’, ‘ಈಸ್ ಡೈರೆಕ್ಟ್‌ಲಿ ಪ್ರೊಪೋರ್ಷನಲ್ ಟು’, ‘ಈಸ್ ದ ರೇಷಿಯೋ ಆಫ್’ ಇಂಥವು. ಪಠ್ಯದ ವ್ಯಾಖ್ಯೆಗಳನ್ನು ನೋಡುತ್ತ ಇವುಗಳಲ್ಲಿ ಬೇರೆ ಬೇರೆ ಪದ ತುಂಬಿ ಬರೆದು ರೂಢಿ ಮಾಡಿಕೊಂಡರೆ ಕಿರು ಉತ್ತರದ ಪ್ರಶ್ನೆಗಳಿಗೆ ಅಷ್ಟು ಸಾಕಾಗುತ್ತದೆ.

ಕೊನೆಗೆ, ಎರಡನೇ ವರ್ಷದಲ್ಲಿ ಎದುರಾಗುವ ಒಂದು ಆಯ್ಕೆ. ನೀಟ್ ಪರೀಕ್ಷೆಗೆ ಅರ್ಜಿ ತುಂಬುವಾಗ ಪ್ರಶ್ನೆಪತ್ರಿಕೆಯ ಭಾಷೆ ಕೇಳುತ್ತಾರೆ, ಅದರಲ್ಲಿ ಕನ್ನಡವೂ ಇದೆ. ಕನ್ನಡ ಮಾಧ್ಯಮದಿಂದ ಬಂದವರು ಕಣ್ಣುಮುಚ್ಚಿ ಕನ್ನಡ ಎಂದು ಗುರುತು ಹಾಕುವ ಮೊದಲು ಒಂದು ವಿಷಯ ಗಮನಿಸಬೇಕು. ಪಿಯುಸಿಯಲ್ಲಿ ಹೊಸದಾಗಿ ಕಲಿತ ಸಾವಯವ ರಸಾಯನಶಾಸ್ತ್ರ, ತಳಿಶಾಸ್ತ್ರದ ಎಷ್ಟೋ ಪದಗಳನ್ನು ಅವರು ಕನ್ನಡದಲ್ಲಿ ಒಮ್ಮೆಯೂ ಓದಿರುವುದಿಲ್ಲ. ಕನ್ನಡ ಆರಿಸಿಕೊಂಡವರಿಗೆ ಸಿಗುವ ಪುಸ್ತಿಕೆಯಲ್ಲಿ ಪ್ರಶ್ನೆಗಳು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಇರುತ್ತವೆ, ಅನುವಾದದಲ್ಲಿ ಗೊಂದಲವಿದ್ದರೆ ಇಂಗ್ಲಿಷ್ ರೂಪವೇ ಅಂತಿಮ. ಹಿಂದಿನ ವರ್ಷದ ಕನ್ನಡ ಪ್ರಶ್ನೆಪತ್ರಿಕೆಯೊಂದನ್ನು ಗಡಿಯಾರ ಇಟ್ಟುಕೊಂಡು ಬಿಡಿಸಿ, ಪ್ರತಿ ಪ್ರಶ್ನೆಗೂ ಕಣ್ಣು ಯಾವ ಭಾಷೆಯ ಕಡೆಗೆ ಹೋಯಿತು ಎಂದು ಗುರುತು ಮಾಡಿಕೊಳ್ಳಿ. ಭೌತಶಾಸ್ತ್ರದ ಉದ್ದ ಲೆಕ್ಕಗಳಿಗೆ ಕನ್ನಡದತ್ತ, ಜೀವಶಾಸ್ತ್ರದ ಪದಗಳಿಗೆ ಇಂಗ್ಲಿಷಿನತ್ತ ಹೋಗುತ್ತಿದ್ದರೆ ಎರಡೂ ಇರುವ ಪುಸ್ತಿಕೆ ನಿಮಗೆ ಸರಿ. ಪ್ರತಿ ಪ್ರಶ್ನೆಯನ್ನೂ ಎರಡು ಭಾಷೆಯಲ್ಲಿ ಓದಿ ಸಮಯ ಸಾಲದಾಗುತ್ತಿದ್ದರೆ ಇಂಗ್ಲಿಷ್ ಒಂದನ್ನೇ ಆರಿಸಿಕೊಳ್ಳಿ.